ಪಾರ್ಸಲ್ ನಿಂತದ್ದೆಲ್ಲಿ?

ಸಂಜೆ ಏಳಕ್ಕೆ ಕೊರಿಯರ್ ಲಾರಿಯ ಬಾಗಿಲು ಮುಚ್ಚುತ್ತದೆ. ಬೆಂಗಳೂರಿನ ಸುತ್ತ ನೆಲಮಂಗಲ, ಹೊಸಕೋಟೆ, ಮಾಲೂರಿನ ಕಡೆ ಎದ್ದಿರುವ ಆನ್‌ಲೈನ್ ಮಾರಾಟದ ಗೋದಾಮುಗಳಲ್ಲಿ ಇಡೀ ದಿನದ ದುಡಿಮೆ ಇಂಥದೊಂದು ಗಳಿಗೆಯ ಸುತ್ತ ತಿರುಗುತ್ತದೆ. ಅಷ್ಟರೊಳಗೆ ಲಾರಿ ಹತ್ತಿದ ಪಾರ್ಸಲ್ ರಾತ್ರಿಯೇ ಊರು ಬಿಡುತ್ತದೆ. ಹತ್ತದೆ ಉಳಿದದ್ದು ನಾಳೆ ಸಂಜೆಯವರೆಗೆ ಕಾಯಬೇಕು. ಹಬ್ಬಕ್ಕೆ ತರಿಸಿದ ಸೀರೆ ಹಬ್ಬದ ಮರುದಿನ ಮನೆಗೆ ಬಂದಿದ್ದರೆ, ಆ ಒಂದು ದಿನ ಕಳೆದುಹೋದದ್ದು ಹೆದ್ದಾರಿಯಲ್ಲೇ ಆಗಿರಬೇಕಿಲ್ಲ. ಗೋದಾಮಿನ ಒಳಗೇ ಎಲ್ಲೋ ಕಳೆದಿರಬಹುದು.

ಆ ‘ಎಲ್ಲೋ’ ಎಲ್ಲಿ ಎಂದು ಕಂಡುಹಿಡಿಯುವುದು ಸುಲಭವೆನ್ನಿಸುತ್ತದೆ. ಪ್ರತಿ ಹಂತದಲ್ಲೂ ಸ್ಕ್ಯಾನರ್ ಇದೆ, ಪ್ರತಿ ಸ್ಕ್ಯಾನಿಗೂ ವೇಳೆ ದಾಖಲಾಗುತ್ತದೆ. ಆದರೂ ಬಹಳಷ್ಟು ಗೋದಾಮುಗಳಲ್ಲಿ ಈ ಹುಡುಕಾಟ ತಪ್ಪು ಜಾಗದಲ್ಲಿ ಮುಗಿಯುತ್ತದೆ. ರಾಶಿ ಕಣ್ಣಿಗೆ ಬೀಳುವುದು ಪ್ಯಾಕಿಂಗ್ ಮೇಜಿನ ಸುತ್ತ. ಹಾಗಾಗಿ ಬೈಗುಳ ತಿನ್ನುವವರೂ ಪ್ಯಾಕಿಂಗ್‌ನವರೇ. ನಿಜವಾದ ಕಾರಣ ನೂರು ಅಡಿ ಆಚೆ, ಮೇಲಿನ ರ್‍ಯಾಕಿನಲ್ಲಿ, ಬೆಳಗ್ಗೆಯೇ ಹುಟ್ಟಿರುತ್ತದೆ.

ಮೊದಲು ಆರ್ಡರ್‌ ನಡೆಯುವ ದಾರಿ. ಗ್ರಾಹಕರು ಗುಂಡಿ ಒತ್ತಿದೊಡನೆ ಗೋದಾಮಿನ ಕಂಪ್ಯೂಟರಿನಲ್ಲಿ ಆರ್ಡರ್ ಇಳಿಯುತ್ತದೆ. ಅದಕ್ಕೆ ಬೇಕಾದ ಸರಕು ದಾಸ್ತಾನಿನಲ್ಲಿದೆಯೇ ಎಂದು ನೋಡಿ ಮೀಸಲಿಡಲಾಗುತ್ತದೆ. ಬಳಿಕ ಹತ್ತಿಪ್ಪತ್ತು ಆರ್ಡರ್‌ಗಳನ್ನು ಕೂಡಿಸಿ ಒಂದು ಪಿಕ್ ಲಿಸ್ಟ್ ಹೊರಡುತ್ತದೆ. ಪಿಕರ್ ಟ್ರಾಲಿ ತಳ್ಳಿಕೊಂಡು ಸಾಲುಗಳ ನಡುವೆ ನಡೆದು, ಒಂದೊಂದೇ ಬಿನ್ನಿನಿಂದ ಸಾಮಾನು ಎತ್ತಿ ಸ್ಕ್ಯಾನ್ ಮಾಡುತ್ತಾರೆ. ಒಂದೇ ಸಾಮಾನಿನ ಆರ್ಡರ್ ನೇರವಾಗಿ ಪ್ಯಾಕಿಂಗ್‌ಗೆ ಹೋಗುತ್ತದೆ. ಎರಡು ಮೂರು ಸಾಮಾನಿನ ಆರ್ಡರ್ ಹಾಗೆ ಹೋಗುವಂತಿಲ್ಲ. ಕುಕ್ಕರ್ ಒಂದು ಸಾಲಿನಿಂದ, ಟಾರ್ಚು ಇನ್ನೊಂದು ಸಾಲಿನಿಂದ ಬಂದು ಜೊತೆಗೂಡಬೇಕು. ಅದಕ್ಕಾಗಿ ಗೋಡೆಯಂತೆ ನಿಲ್ಲಿಸಿದ ಗೂಡುಗಳ ಕಪಾಟೊಂದಿರುತ್ತದೆ. ಗೋದಾಮಿನವರು ಅದನ್ನು ಪುಟ್ ವಾಲ್ ಎನ್ನುತ್ತಾರೆ. ಒಂದು ಆರ್ಡರಿಗೆ ಒಂದು ಗೂಡು. ಎಲ್ಲ ಸಾಮಾನೂ ಸೇರಿದ ಮೇಲೆ ಗೂಡಿನ ದೀಪ ಹೊತ್ತುತ್ತದೆ, ಹಿಂಬದಿಯಿಂದ ಪ್ಯಾಕರ್ ಅದನ್ನು ಎತ್ತಿಕೊಳ್ಳುತ್ತಾರೆ. ಅಲ್ಲಿಂದ ಡಬ್ಬ, ಟೇಪು, ಬಿಲ್ಲು, ಲೇಬಲ್ಲು. ಆಮೇಲೆ ತೂಕ, ಕೊರಿಯರ್‌ವಾರು ವಿಂಗಡಣೆ, ಕೊನೆಗೆ ಮ್ಯಾನಿಫೆಸ್ಟ್ ಪಟ್ಟಿಗೆ ಸೇರಿ ಲಾರಿ.

ಈ ದಾರಿಯುದ್ದಕ್ಕೂ ಪಾರ್ಸಲ್ಲಿಗೆ ಯಾರದಾದರೂ ಕೈ ತಾಗುವ ಹೊತ್ತು ಬಹಳ ಕಡಿಮೆ. ಬಿನ್ನಿನಿಂದ ಎತ್ತಲು ಕೆಲವು ಸೆಕೆಂಡು, ಡಬ್ಬ ಕಟ್ಟಲು ಒಂದೆರಡು ನಿಮಿಷ. ಉಳಿದದ್ದೆಲ್ಲ ಕಾಯುವಿಕೆ. ಟ್ರಾಲಿಯಲ್ಲಿ, ಗೂಡಿನಲ್ಲಿ, ಮೇಜಿನ ಪಕ್ಕದ ಕ್ರೇಟಿನಲ್ಲಿ, ಲಾರಿ ಬರುವ ಮುಂಚಿನ ಜಾಲರಿಯಲ್ಲಿ ಅದು ಸುಮ್ಮನೆ ಕೂತಿರುತ್ತದೆ. ಸ್ಕ್ಯಾನರ್ ದಾಖಲಿಸುವುದು ಕೆಲಸ ನಡೆದ ಕ್ಷಣವನ್ನು ಮಾತ್ರ. ಕಾಯುವಿಕೆ ಎರಡು ಸ್ಕ್ಯಾನುಗಳ ನಡುವೆ ಇರುತ್ತದೆ. ಆದ್ದರಿಂದ ಯಾವ ಹಂತದಲ್ಲಿ ಎಷ್ಟು ಸ್ಕ್ಯಾನ್ ಆಯಿತು ಎಂದು ಎಣಿಸುವ ವರದಿ ಈ ಕೆಲಸಕ್ಕೆ ಸಾಲದು. ಒಂದೇ ಆರ್ಡರಿನ ಒಂದು ಸ್ಕ್ಯಾನಿನಿಂದ ಮುಂದಿನ ಸ್ಕ್ಯಾನಿಗೆ ಎಷ್ಟು ನಿಮಿಷ ಹೋಯಿತು ಎಂದು ಕಳೆಯುವ ಲೆಕ್ಕ ಬೇಕು.

ಆ ಲೆಕ್ಕಕ್ಕೆ ಬೇಕಾಗುವುದು ಸರಳವಾದ ಪಟ್ಟಿ. ಆರ್ಡರ್ ಸಂಖ್ಯೆ, ಹಂತ, ವೇಳೆ, ಜಾಗ ಇಷ್ಟೇ. ಆದರೆ ಅನೇಕ ಸಾಫ್ಟ್‌ವೇರುಗಳು ಆರ್ಡರಿನ ‘ಈಗಿನ ಸ್ಥಿತಿ’ಯನ್ನು ಮಾತ್ರ ಇಟ್ಟುಕೊಳ್ಳುತ್ತವೆ. ‘ಪಿಕ್ ಆಗಿದೆ’ ಎಂಬುದರ ಮೇಲೆ ‘ಪ್ಯಾಕ್ ಆಗಿದೆ’ ಎಂದು ಬರೆದಾಗ ಹಳೆಯದು ಅಳಿಸಿಹೋಗುತ್ತದೆ. ಅದರೊಂದಿಗೆ ನಡುವಿನ ಕಾಯುವಿಕೆಯ ಸುಳಿವೂ ಅಳಿಯುತ್ತದೆ. ಪ್ರತಿ ಸ್ಕ್ಯಾನನ್ನೂ ಹೊಸ ಸಾಲಾಗಿ ಸೇರಿಸುತ್ತ ಹೋಗಬೇಕು, ಯಾವುದನ್ನೂ ತಿದ್ದಬಾರದು. ಇದಿಲ್ಲದೆ ಮುಂದಿನ ಯಾವ ಹೆಜ್ಜೆಯೂ ಸಾಧ್ಯವಿಲ್ಲ.

ಲೆಕ್ಕ ಹೇಗೆ ನಡೆಯುತ್ತದೆಂದು ತೋರಿಸಲು ಒಂದು ಮಾದರಿ ಗೋದಾಮನ್ನು ತೆಗೆದುಕೊಳ್ಳಬಹುದು. ಇಲ್ಲಿನ ಅಂಕಿಗಳು ವಿವರಣೆಗಾಗಿ ಕಟ್ಟಿದವು, ಕಥೆ ಮಾತ್ರ ಈ ಕಸುಬಿನಲ್ಲಿರುವವರಿಗೆಲ್ಲ ಪರಿಚಿತ. ಗೃಹೋಪಯೋಗಿ ಸಾಮಾನು ಮಾರುವ ಈ ಗೋದಾಮಿಗೆ ದಿನಕ್ಕೆ 3,000 ಆರ್ಡರ್. ಅದರಲ್ಲಿ 2,000 ಒಂದೇ ಸಾಮಾನಿನವು, 1,000 ಹಲವು ಸಾಮಾನಿನವು. ಪಿಕಿಂಗ್ ನಡೆಯುವುದು ಎಂಟು ಗಂಟೆ ಕಾಲ, ಸಂಜೆ 6ರವರೆಗೆ. ಲಾರಿ ಹೊರಡುವುದು 7ಕ್ಕೆ. ಪ್ರತಿದಿನ 200ರಷ್ಟು ಆರ್ಡರ್ ಲಾರಿ ತಪ್ಪಿಸಿಕೊಳ್ಳುತ್ತಿವೆ. ಪ್ಯಾಕಿಂಗ್‌ಗೆ ಇನ್ನಷ್ಟು ಜನ ಬೇಕು ಎಂಬುದು ಮ್ಯಾನೇಜರ್ ಅವರ ಅಭಿಪ್ರಾಯ. ಸಂಜೆ ಹೊತ್ತು ಆ ಮೇಜುಗಳ ಮುಂದಿನ ಗದ್ದಲ ನೋಡಿದ ಯಾರಿಗೂ ಹಾಗೆಯೇ ಅನ್ನಿಸುತ್ತದೆ.

ವರದಿ ತೆರೆದರೆ ಗಾಬರಿಯಾಗುವಂಥದ್ದೇನೂ ಕಾಣುವುದಿಲ್ಲ. ಪಿಕ್ ಆದಲ್ಲಿಂದ ಪ್ಯಾಕ್ ಆಗುವವರೆಗೆ ಒಂದೇ ಸಾಮಾನಿನ ಆರ್ಡರಿಗೆ ಸರಾಸರಿ 25 ನಿಮಿಷ, ಹಲವು ಸಾಮಾನಿನದಕ್ಕೆ 50 ನಿಮಿಷ, ಒಟ್ಟಾರೆ ಸರಾಸರಿ ಸುಮಾರು 32 ನಿಮಿಷ. ಎಲ್ಲವೂ ಚೆನ್ನಾಗಿಯೇ ಇದೆ. ಹಾಗಿದ್ದರೆ 200 ಆರ್ಡರ್ ಉಳಿದದ್ದು ಹೇಗೆ?

ಈ ಸರಾಸರಿಯಲ್ಲೇ ದೊಡ್ಡ ಕುಳಿಯಿದೆ. ಪಿಕ್‌ನಿಂದ ಪ್ಯಾಕ್‌ವರೆಗಿನ ಸಮಯ ಲೆಕ್ಕಕ್ಕೆ ಸಿಗಬೇಕಾದರೆ ಆರ್ಡರ್ ಪ್ಯಾಕ್ ಆಗಿರಲೇಬೇಕು. ಸಿಕ್ಕಿಬಿದ್ದ ಆರ್ಡರ್ ಪ್ಯಾಕ್ ಆಗಿಲ್ಲ, ಆದ್ದರಿಂದ ಸರಾಸರಿಯೊಳಗೆ ಅದಕ್ಕೆ ಜಾಗವೇ ಇಲ್ಲ. ಮದುವೆ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯಲು ಎದ್ದವರನ್ನಷ್ಟೇ ‘ಬಡಿಸುವುದು ತಡವಾಯಿತೇ?’ ಎಂದು ಕೇಳಿ, ಇನ್ನೂ ಎಲೆಯ ಮುಂದೆ ಅನ್ನಕ್ಕಾಗಿ ಕಾಯುತ್ತ ಕುಳಿತವರನ್ನು ಬಿಟ್ಟ ಹಾಗೆ ಇದು. ಹೆಚ್ಚು ಸಿಕ್ಕಿಬಿದ್ದಷ್ಟೂ ವರದಿ ಹೆಚ್ಚು ಚೆನ್ನಾಗಿ ಕಾಣುತ್ತದೆ. ಮುಗಿದ ಆರ್ಡರುಗಳ ಸರಾಸರಿಯನ್ನು ಮಾತ್ರ ಗೋಡೆಯ ಮೇಲಿನ ಪರದೆಯಲ್ಲಿ ತೋರಿಸುವ ಗೋದಾಮು ತನ್ನನ್ನೇ ತಾನು ನಂಬಿಸಿಕೊಳ್ಳುತ್ತಿರುತ್ತದೆ.

ಹಾಗಾಗಿ ಪ್ರಶ್ನೆಯನ್ನು ತಿರುಗಿಸಬೇಕು. ಲಾರಿ ಹೊರಟ ಕ್ಷಣದಲ್ಲಿ ಮುಗಿಯದೆ ಉಳಿದ ಆರ್ಡರುಗಳನ್ನು ಮಾತ್ರ ತೆಗೆದು, ಒಂದೊಂದರ ಕೊನೆಯ ಸ್ಕ್ಯಾನ್ ಯಾವುದು, ಅದಾಗಿ ಎಷ್ಟು ಹೊತ್ತಾಯಿತು ಎಂದು ನೋಡಬೇಕು. ಈ ಎರಡನೆಯದನ್ನು ಆರ್ಡರಿನ ವಯಸ್ಸು ಎನ್ನಬಹುದು. ಮಾದರಿ ಗೋದಾಮಿನಲ್ಲಿ ಏಳು ಗಂಟೆಯ ಪಟ್ಟಿ ಹೀಗೆ ಬಂತು: ಉಳಿದ 200ರಲ್ಲಿ 135 ಪುಟ್ ವಾಲ್‌ನ ಗೂಡುಗಳಲ್ಲಿ ಅರ್ಧ ತುಂಬಿ ನಿಂತಿವೆ. 40 ಪಿಕ್ ಆಗಿ ಟ್ರಾಲಿಯಲ್ಲೇ ಇವೆ, ಗೂಡು ಸೇರಿಲ್ಲ. 15 ಲೇಬಲ್ ಅಂಟಿಸಿಕೊಂಡರೂ ಲಾರಿ ಹತ್ತಿಲ್ಲ. 10 ಆರ್ಡರುಗಳ ಪಿಕ್ ಲಿಸ್ಟೇ ಹೊರಟಿಲ್ಲ. ಎಲ್ಲ ಸಾಮಾನೂ ಸೇರಿ, ದೀಪ ಹೊತ್ತಿ, ಪ್ಯಾಕರ್‌ಗಾಗಿ ಕಾಯುತ್ತಿರುವ ಗೂಡು ಒಂದೂ ಇಲ್ಲ.

ಪ್ಯಾಕಿಂಗ್‌ನವರ ಮೇಲಿನ ಆರೋಪ ಇಲ್ಲಿಗೇ ಬಿದ್ದುಹೋಯಿತು. ಅವರ ಕೈಗೆ ಬಂದದ್ದೆಲ್ಲ ಮುಗಿದಿದೆ. ಇನ್ನಷ್ಟು ಜನರನ್ನು ತಂದು ನಿಲ್ಲಿಸಿದ್ದರೂ ಅವರು ಅರೆ ತುಂಬಿದ ಗೂಡುಗಳನ್ನು ನೋಡುತ್ತ ನಿಲ್ಲಬೇಕಾಗುತ್ತಿತ್ತು.

ಆ 135ರ ವಯಸ್ಸು ಇನ್ನೊಂದು ಸುಳಿವು. ಅರ್ಧಕ್ಕೂ ಹೆಚ್ಚು ಆರ್ಡರುಗಳು ಗೂಡು ಸೇರಿ ಐದು ಗಂಟೆ ದಾಟಿದೆ. ಅಂದರೆ ಮಧ್ಯಾಹ್ನ ಎರಡಕ್ಕೂ ಮುಂಚೆಯೇ ಅವು ಸಿಕ್ಕಿಬಿದ್ದವು. ಸಂಜೆಯ ಗದ್ದಲ ಕಾರಣವಲ್ಲ, ಅದು ಬೆಳಗಿನ ಯಾವುದೋ ತೊಡಕಿನ ಫಲ. ಮುಂದಿನ ಪ್ರಶ್ನೆ: ಈ ಗೂಡುಗಳಲ್ಲಿ ಬಾರದೆ ಉಳಿದ ಸಾಮಾನು ಯಾವುದು? ಪಟ್ಟಿ ಮಾಡಿದಾಗ 135ರಲ್ಲಿ 90 ಆರ್ಡರುಗಳು ಕಾಯುತ್ತಿರುವುದು ಬರೀ 12 ಬಗೆಯ ಸಾಮಾನಿಗಾಗಿ ಎಂದು ತಿಳಿಯಿತು. ಎಲ್ಲವೂ ಚೆನ್ನಾಗಿ ಓಡುವ ಮಾಲು. ದಾಸ್ತಾನಿನಲ್ಲಿ ಅವು ಇವೆ ಎಂದು ಕಂಪ್ಯೂಟರ್ ಹೇಳುತ್ತದೆ, ಅದು ನಿಜವೂ ಹೌದು. ಆದರೆ ಇರುವುದು ಕೈಗೆಟುಕುವ ಬಿನ್ನಿನಲ್ಲಲ್ಲ, ಮೇಲಿನ ರ್‍ಯಾಕಿನ ಪ್ಯಾಲೆಟ್ ಮೇಲೆ.

ಇಲ್ಲಿಂದಾಚೆಗೆ ಕಂಪ್ಯೂಟರ್ ಬಿಟ್ಟು ನಡೆದುಹೋಗಿ ನೋಡಬೇಕು. ಪಾರ್ಸಲ್ ಎಲ್ಲಿ ನಿಂತಿದೆ ಎಂದು ಸ್ಕ್ಯಾನ್ ಹೇಳೀತೇ ಹೊರತು, ಏಕೆ ನಿಂತಿದೆ ಎಂದು ಹೇಳಲಾರದು. ಸಾಲಿನಲ್ಲಿ ನಿಂತವರಿಗೆ ಏಕೆ ಎಂಬುದು ಮೊದಲೇ ಗೊತ್ತಿರುತ್ತದೆ. ಬೆಳಗ್ಗೆ ಹೊಸ ಮಾಲಿನ ಲಾರಿಗಳು ಬರುತ್ತವೆ, ಫೋರ್ಕ್‌ಲಿಫ್ಟುಗಳೆಲ್ಲ ಅವನ್ನು ಇಳಿಸುವುದರಲ್ಲಿ ತೊಡಗಿರುತ್ತವೆ. ಕೆಳಗಿನ ಬಿನ್ನುಗಳು ಹನ್ನೊಂದರಿಂದ ಒಂದು ಗಂಟೆಯೊಳಗೆ ಖಾಲಿಯಾಗುತ್ತವೆ. ಮೇಲಿನ ಪ್ಯಾಲೆಟ್ ಇಳಿಸಿ ಬಿನ್ ತುಂಬಿಸುವ ಕೆಲಸಕ್ಕೆ ಫೋರ್ಕ್‌ಲಿಫ್ಟ್ ಬಿಡುವಾಗುವುದು ಸಂಜೆ ಐದರ ಮೇಲೆ. ಖಾಲಿ ಬಿನ್ ಕಂಡ ಪಿಕರ್ ‘ಶಾರ್ಟ್’ ಎಂದು ಒತ್ತಿ ಮುಂದೆ ಹೋಗುತ್ತಾರೆ, ಅವರು ಮಾಡಬೇಕಾದದ್ದೂ ಅದೇ. ಉಳಿದ ಸಾಮಾನು ಗೂಡಿಗೆ ಹೋಗಿ, ಬಾರದ ಜೊತೆಗಾರನಿಗಾಗಿ ಕಾಯತೊಡಗುತ್ತದೆ.

ಬಾಕಿ 45 ಆರ್ಡರುಗಳ ಕಾರಣ ಬೇರೆ. ಬಿನ್ನಿನಲ್ಲಿ ಮೂರು ಇವೆ ಎಂದು ಕಂಪ್ಯೂಟರ್, ಒಂದೂ ಇಲ್ಲ ಎಂದು ಬಿನ್ನು. ಯಾರೋ ಪಕ್ಕದ ಬಿನ್ನಿಗೆ ಹಾಕಿರಬಹುದು, ಒಡೆದದ್ದನ್ನು ಬರೆದಿರಲಿಕ್ಕಿಲ್ಲ, ಒಳಬಂದಾಗಲೇ ಎಣಿಕೆ ತಪ್ಪಿರಬಹುದು. ಇದಕ್ಕೆ ಮದ್ದು ದಿನವೂ ಕೆಲವು ಬಿನ್ನುಗಳನ್ನು ಸರದಿಯಂತೆ ಎಣಿಸಿ ಲೆಕ್ಕ ಸರಿಪಡಿಸುವುದು. ‘ಶಾರ್ಟ್’ ಒತ್ತಿದ ಬಿನ್ನನ್ನು ಅದೇ ದಿನ ಎಣಿಸಬೇಕು. ಇಲ್ಲದಿದ್ದರೆ ಆ ಸುಳ್ಳು ಮೂರನ್ನು ನಂಬಿ ನಾಳೆ ಇನ್ನೂ ಮೂರು ಆರ್ಡರುಗಳಿಗೆ ಮೀಸಲು ಕೊಟ್ಟುಬಿಡುತ್ತದೆ ಕಂಪ್ಯೂಟರ್.

ಟ್ರಾಲಿಯಲ್ಲೇ ಉಳಿದ ಆ 40ರ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿ ಎಲ್ಲ ಸಾಮಾನೂ ಇತ್ತು, ಪಿಕರ್‌ಗಳೂ ಇದ್ದರು. ಇಲ್ಲದಿದ್ದದ್ದು ಖಾಲಿ ಗೂಡು.

ಅಮೆರಿಕದ ವಿದ್ವಾಂಸ ಜಾನ್ ಲಿಟಲ್ ಅವರು 1961ರಲ್ಲಿ ಗಣಿತದ ಮೂಲಕ ಸಾಬೀತುಪಡಿಸಿದ ಒಂದು ನಿಯಮ ಇಲ್ಲಿ ನೆರವಿಗೆ ಬರುತ್ತದೆ. ಯಾವುದೇ ಸಾಲಿನಲ್ಲಿ ನಿಂತಿರುವವರ ಸರಾಸರಿ ಸಂಖ್ಯೆ ಎಂದರೆ, ಗಂಟೆಗೆ ಎಷ್ಟು ಜನ ಬಂದು ಹೋಗುತ್ತಾರೋ ಅದನ್ನು ಒಬ್ಬೊಬ್ಬರೂ ಕಾಯುವ ಗಂಟೆಗಳಿಂದ ಗುಣಿಸಿದಷ್ಟು. ದೀರ್ಘಕಾಲದ ಸರಾಸರಿಗೆ ಇದು ಎಲ್ಲೆಡೆ ನಿಲ್ಲುತ್ತದೆ, ಬ್ಯಾಂಕಿನ ಸಾಲಾದರೂ ಗೋದಾಮಾದರೂ. ಮಾದರಿ ಗೋದಾಮಿನ ಪುಟ್ ವಾಲ್‌ನಲ್ಲಿ 200 ಗೂಡುಗಳಿವೆ. ಒಂದು ಆರ್ಡರ್ 50 ನಿಮಿಷ ಗೂಡು ಹಿಡಿದರೆ, 200 ಗೂಡುಗಳಿಂದ ಗಂಟೆಗೆ 240 ಆರ್ಡರ್ ಸಾಗಬಲ್ಲವು. ಬೇಕಾಗಿರುವುದು 125 ಮಾತ್ರ. ಬೆಳಗ್ಗೆ ಎಷ್ಟೊಂದು ಬಿಡುವಿದೆ! ಆದರೆ ಸಂಜೆ ಐದರ ಹೊತ್ತಿಗೆ 130 ಗೂಡುಗಳನ್ನು ಸಿಕ್ಕಿಬಿದ್ದ ಆರ್ಡರುಗಳು ಹಿಡಿದು ಕೂತಿವೆ. ಉಳಿದ 70 ಗೂಡುಗಳಿಂದ ಗಂಟೆಗೆ 84 ಮಾತ್ರ ಸಾಗುತ್ತವೆ. ಬರುವುದು 125, ಹೋಗುವುದು 84. ಐದರಿಂದ ಆರರವರೆಗಿನ ಒಂದೇ ಗಂಟೆಯಲ್ಲಿ 40 ಆರ್ಡರ್ ಟ್ರಾಲಿಯಲ್ಲಿ ನಿಂತುಬಿಡುತ್ತವೆ.

ಟ್ರಾಲಿ ಖಾಲಿಯಾಗದೆ ಪಿಕರ್ ಮುಂದಿನ ಸುತ್ತಿಗೆ ಹೋಗುವಂತಿಲ್ಲ. ಆಗ ವರದಿಯಲ್ಲಿ ಪಿಕಿಂಗ್‌ನ ವೇಗ ಇಳಿದದ್ದು ಕಾಣುತ್ತದೆ, ಬೈಗುಳ ಈ ಬಾರಿ ಅವರಿಗೆ. ಒಂದೇ ತೊಡಕು ಮುಂದಿನ ಹಂತವನ್ನು ಹಸಿವಿನಲ್ಲಿಟ್ಟು ಹಿಂದಿನ ಹಂತವನ್ನು ಕಟ್ಟಿಹಾಕಿತು. ಎರಡೂ ಕಡೆಯವರು ಸೋಮಾರಿಗಳಂತೆ ಕಂಡರು. ಈ ಅನ್ಯಾಯ ತಪ್ಪಿಸುವುದಕ್ಕಾದರೂ ಲೆಕ್ಕ ಸರಿಯಾಗಿ ನಡೆಯಬೇಕು.

ಪರಿಹಾರಕ್ಕೆ ಹೊಸ ಜನವೂ ಬೇಡ, ಹೊಸ ಯಂತ್ರವೂ ಬೇಡ. ಓಡುವ ಮಾಲಿನ ಬಿನ್ನಿನಲ್ಲಿ ಇಷ್ಟಕ್ಕಿಂತ ಕಡಿಮೆಯಾದರೆ ತುಂಬಿಸಬೇಕು ಎಂಬ ಕನಿಷ್ಠ ಮಟ್ಟವನ್ನು ಅರ್ಧ ದಿನದ ಮಾರಾಟಕ್ಕೆ ಏರಿಸುವುದು, ಬೆಳಗ್ಗೆ ಹತ್ತೂವರೆಗೆ ಒಂದು ಫೋರ್ಕ್‌ಲಿಫ್ಟನ್ನು ಒಂದು ಗಂಟೆ ಈ ಕೆಲಸಕ್ಕೆಂದೇ ಬಿಡುವುದು. ಜೊತೆಗೆ ಎರಡು ಗಂಟೆ ದಾಟಿದ ಗೂಡನ್ನು ಖಾಲಿ ಮಾಡಿ, ಅದರ ಸಾಮಾನನ್ನು ಪಕ್ಕದ ‘ಪೆಂಡಿಂಗ್’ ರ್‍ಯಾಕಿಗೆ ಸಾಗಿಸುವುದು, ಅಲ್ಲಿಗೂ ಒಂದು ಸ್ಕ್ಯಾನ್ ಇಡುವುದು. ಕೊನೆಯದು ರೋಗವನ್ನು ಗುಣಪಡಿಸುವುದಿಲ್ಲ, ಆದರೆ ಅದು ಇತರರಿಗೆ ಹರಡದಂತೆ ತಡೆಯುತ್ತದೆ. ಬದಲಾವಣೆ ಫಲಿಸಿತೇ ಎಂದು ನೋಡಲು ಮತ್ತೆ ಅದೇ ಏಳು ಗಂಟೆಯ ಪಟ್ಟಿ ಸಾಕು. ಒಂದು ದಿನದ್ದನ್ನು ನಂಬಬಾರದು. ಸೋಮವಾರದ ಆರ್ಡರುಗಳೇ ಬೇರೆ, ಶುಕ್ರವಾರದವೇ ಬೇರೆ. ಎರಡು ವಾರದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಇಷ್ಟೆಲ್ಲ ನಿಂತಿರುವುದು ಸ್ಕ್ಯಾನಿನ ವೇಳೆ ನಿಜವಾಗಿದೆ ಎಂಬ ನಂಬಿಕೆಯ ಮೇಲೆ. ಅದು ಹಲವು ರೀತಿಯಲ್ಲಿ ಸುಳ್ಳಾಗಬಹುದು. ಕೆಲಸ ಮಾಡಿಟ್ಟು, ಶಿಫ್ಟ್ ಮುಗಿಯುವಾಗ ಎಲ್ಲವನ್ನೂ ಒಟ್ಟಿಗೆ ಸ್ಕ್ಯಾನ್ ಮಾಡುವುದು ಸಾಮಾನ್ಯ. ಇದರ ಗುರುತು, ಒಂದೇ ನಿಮಿಷದಲ್ಲಿ ಒಂದೇ ಮೇಜಿನಿಂದ ಮೂವತ್ತು ನಲವತ್ತು ಸ್ಕ್ಯಾನು. ಯಾವ ಕೈಯೂ ಅಷ್ಟು ಬೇಗ ಡಬ್ಬ ಕಟ್ಟಲಾರದು. ಇನ್ನೊಂದು, ಉಕ್ಕಿನ ರ್‍ಯಾಕುಗಳ ನಡುವೆ ವೈಫೈ ಸಿಗದ ಜಾಗ. ಕೈಯಲ್ಲಿನ ಸ್ಕ್ಯಾನರ್ ಅಲ್ಲಿ ಮಾಡಿದ ಸ್ಕ್ಯಾನುಗಳನ್ನು ತನ್ನಲ್ಲಿಟ್ಟುಕೊಂಡು, ಸಿಗ್ನಲ್ ಸಿಕ್ಕ ಮೇಲೆ ಕಳುಹಿಸುತ್ತದೆ. ಸ್ಕ್ಯಾನ್ ಆದ ವೇಳೆಯ ಬದಲು ತನಗೆ ತಲುಪಿದ ವೇಳೆಯನ್ನು ಸರ್ವರ್ ಬರೆದುಕೊಂಡರೆ, ಪಿಕ್ ಆಗುವ ಮುಂಚೆಯೇ ಪ್ಯಾಕ್ ಆದ ಆರ್ಡರುಗಳು ಪಟ್ಟಿಯಲ್ಲಿ ಮೂಡುತ್ತವೆ. ಇಂಥ ಅಸಾಧ್ಯದ ಸಾಲುಗಳನ್ನು ಅಳಿಸಿಹಾಕುವುದು ತಪ್ಪು. ಯಾವ ಸ್ಕ್ಯಾನರ್, ಯಾವ ಸಾಲು ಎಂದು ನೋಡಿದರೆ ವೈಫೈ ಇಲ್ಲದ ಮೂಲೆ ತಾನಾಗಿ ಪತ್ತೆಯಾಗುತ್ತದೆ.

ಗ್ರಾಹಕರನ್ನು ನೇರವಾಗಿ ತಟ್ಟುವ ಸುಳ್ಳು ಮೂರನೆಯದು. ಕೆಲವು ಕಡೆ ಲೇಬಲ್ ಮುದ್ರಣವಾದ ಕ್ಷಣವೇ ಆರ್ಡರಿನ ಸ್ಥಿತಿ ‘ರವಾನೆಯಾಗಿದೆ’ ಎಂದು ಬದಲಾಗುತ್ತದೆ. ಮೊಬೈಲಿಗೆ ಸಂದೇಶ ಬರುತ್ತದೆ, ಪಾರ್ಸಲ್ ಮಾತ್ರ ಗೋದಾಮಿನಲ್ಲೇ ಇರುತ್ತದೆ. ಮಾದರಿ ಗೋದಾಮಿನ ಪಟ್ಟಿಯಲ್ಲಿ ಲೇಬಲ್ ಅಂಟಿಸಿಕೊಂಡು ಉಳಿದ 15 ಇಂಥವು. ತೂಕದಲ್ಲಿ ವ್ಯತ್ಯಾಸ ಬಂದು ಪಕ್ಕಕ್ಕೆ ಎತ್ತಿಟ್ಟದ್ದೋ, ಬೇರೆ ಕೊರಿಯರ್‌ನ ಜಾಲರಿಗೆ ಬಿದ್ದದ್ದೋ ಆಗಿರಬಹುದು. ‘ರವಾನೆ’ ಎಂಬುದನ್ನು ಲಾರಿಯ ಬಾಗಿಲಲ್ಲಿ ನಡೆಯುವ ಸ್ಕ್ಯಾನಿಗೆ ಕಟ್ಟಬೇಕು. ಸಂದೇಶ ಕೆಲವು ಗಂಟೆ ತಡವಾದರೂ ಅದು ನಿಜ ಹೇಳುತ್ತದೆ.

ಸ್ಕ್ಯಾನುಗಳು ಸುಳ್ಳಾಗಲು ಇನ್ನೂ ಒಂದು ಕಾರಣವಿದೆ, ಅದನ್ನು ಮಾಡಿಕೊಳ್ಳುವುದು ಆಡಳಿತವೇ. ಹಂತಗಳನ್ನು ಅಳೆಯಲು ಇಟ್ಟ ದಾಖಲೆಯಿಂದಲೇ ಒಬ್ಬೊಬ್ಬ ಕೆಲಸಗಾರರ ನಿಮಿಷಗಳನ್ನು ಎಣಿಸಲು ಹೊರಟರೆ, ಜನ ಎಣಿಕೆಗೆ ತಕ್ಕಂತೆ ಸ್ಕ್ಯಾನ್ ಮಾಡತೊಡಗುತ್ತಾರೆ. ಸುಲಭದ ಸಾಮಾನು ಮೊದಲು, ಕಷ್ಟದ್ದು ಕೊನೆಗೆ. ಒತ್ತಡ ಮಿತಿ ಮೀರಿದಾಗ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆಯಿದೆ. ಹರಿಯಾಣದ ಮಾನೇಸರ್‌ನ ಗೋದಾಮೊಂದರಲ್ಲಿ, ಲಾರಿಗಳನ್ನು ಇಳಿಸಿ ಮುಗಿಸುವವರೆಗೆ ನೀರಿಗೂ ಶೌಚಕ್ಕೂ ಹೋಗುವುದಿಲ್ಲ ಎಂದು ಕೆಲಸಗಾರರಿಂದ ಪ್ರತಿಜ್ಞೆ ಮಾಡಿಸಲಾಯಿತು ಎಂಬ ವರದಿ 2024ರಲ್ಲಿ ಪ್ರಕಟವಾದಾಗ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ನೋಟಿಸು ಕಳುಹಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2022ರ ಜನವರಿಯಿಂದ ದೊಡ್ಡ ಗೋದಾಮುಗಳು ತಮ್ಮ ಕೆಲಸದ ಗುರಿಯನ್ನು ಕೆಲಸಗಾರರಿಗೆ ಲಿಖಿತವಾಗಿ ತಿಳಿಸಬೇಕು, ಊಟದ ಮತ್ತು ಶೌಚದ ಬಿಡುವಿಗೆ ಅಡ್ಡಿಯಾಗುವ ಗುರಿ ಇಡುವಂತಿಲ್ಲ ಎಂಬ ಕಾನೂನಿದೆ. ಮಾದರಿ ಗೋದಾಮಿನಲ್ಲಿ ಕಂಡಂತೆ, ಪಾರ್ಸಲ್ ನಿಂತದ್ದು ಯಾರೂ ಕೈ ನಿಧಾನ ಮಾಡಿದ್ದರಿಂದಲ್ಲ. ಹುಡುಕಾಟದ ಪಟ್ಟಿಯಲ್ಲಿ ಜಾಗದ ಹೆಸರಿರಲಿ, ಜನರ ಹೆಸರು ಬೇಡ.

ಮನೆಯ ಹಿಂದಿನ ಕೋಣೆಯಿಂದ ಉಪ್ಪಿನಕಾಯಿ, ಸೀರೆ, ಪುಸ್ತಕ ಕಳುಹಿಸುವ ಸಣ್ಣ ಮಾರಾಟಗಾರರಿಗೂ ಇದೇ ಲೆಕ್ಕ ಸಲ್ಲುತ್ತದೆ. ದಿನಕ್ಕೆ ಮೂವತ್ತು ಆರ್ಡರಿನವರಿಗೆ ಸ್ಕ್ಯಾನರೂ ಬೇಕಿಲ್ಲ. ಪ್ರತಿ ಆರ್ಡರಿನ ಚೀಟಿಯ ಮೇಲೆ ನಾಲ್ಕು ವೇಳೆ ಬರೆದರೆ ಆಯಿತು: ಆರ್ಡರ್ ಬಂದದ್ದು, ಸಾಮಾನು ಎತ್ತಿದ್ದು, ಡಬ್ಬ ಕಟ್ಟಿದ್ದು, ಕೊರಿಯರ್ ಹುಡುಗನ ಕೈಗೆ ಕೊಟ್ಟದ್ದು. ಸಂಜೆ ಅವನು ಹೋದ ಮೇಲೆ ಉಳಿದ ಚೀಟಿಗಳನ್ನು ಕೊನೆಯ ವೇಳೆಯ ಪ್ರಕಾರ ಮೂರು ಗುಂಪು ಮಾಡಿ, ಎಣಿಸಿ, ದಿನಾಂಕದೊಂದಿಗೆ ಒಂದು ವಹಿಯಲ್ಲಿ ಬರೆದಿಡಿ. ಎರಡು ವಾರವಾದ ಮೇಲೆ ಯಾವ ಗುಂಪು ದಿನವೂ ದಪ್ಪಗಿದೆಯೋ ಅಲ್ಲಿಂದ ವಿಚಾರಣೆ ಆರಂಭಿಸಿ, ಸಹಾಯಕ್ಕೆ ಹೊಸಬರನ್ನು ಗೊತ್ತುಮಾಡುವುದು ಅದಾದ ಮೇಲಿರಲಿ.